ಒಂದು ಹೂಂ

ಮಾರ್ಚ್ 2, ಬೆಳಿಗ್ಗೆ

ಅಮ್ಮನ ಬಲಗಣ್ಣಿಗೆ ಡ್ರಾಪ್ಸ್ ಹಾಕಿದ್ದಾಯಿತು. ದಿನಕ್ಕೆ ನಾಲ್ಕು ಸಲ. ಪೊರೆ ತೆಗೆಸಿ ಇವತ್ತಿಗೆ ಐದನೇ ದಿನ. ಬಗ್ಗಬಾರದು, ಭಾರ ಎತ್ತಬಾರದು, ಕಣ್ಣುಜ್ಜಬಾರದು. ಡಾಕ್ಟರು ಹೇಳಿದ್ದು ಇಷ್ಟು. ‘ಅಳಬಾರದು’ ಅನ್ನುವುದನ್ನು ಅಮ್ಮನೇ ಸೇರಿಸಿಕೊಂಡಿದ್ದಾಳೆ. ಅತ್ತರೆ ಏನೂ ಆಗುವುದಿಲ್ಲ ಎಂದು ನನಗೆ ಗೊತ್ತು — ಹದಿಮೂರು ವರ್ಷದಿಂದ ಕನ್ನಡಕದ ಅಂಗಡಿಯಲ್ಲಿ ಕಣ್ಣು ನೋಡುತ್ತಿರುವವಳು. ಆದರೂ ಸುಮ್ಮನಿದ್ದೇನೆ. ಆ ಒಂದು ನಿಯಮದಿಂದ ಇಡೀ ಮನೆ ಅಮ್ಮನ ಕೈಯಲ್ಲಿದೆ.

ಇವತ್ತು ತಲೆ ಹಿಂದಕ್ಕೆ ಚೆಲ್ಲಿ ಕೂತೇ ಮದುವೆ ಮಾತು ತೆಗೆದಳು. ಮೇ ತಿಂಗಳು ರಿಜಿಸ್ಟರ್ ಆಫೀಸು. ಖುಷಿಯೋ ಖುಷಿ.

“ನಾನು ಆವಾಗ್ಲೇ ಹೇಳ್ದೆ. ಆ ಹುಡುಗಿ ಜೊತೆ ಇದ್ದಿದ್ದು ಒಂದು ವಯಸ್ಸಿನ ಹುಚ್ಚು. ನಿಂಗೇ ಏನು ಬೇಕು ಅಂತ ಗೊತ್ತಿರ್ಲಿಲ್ಲ. ಈಗ ಕಳೀತು. ಅಲ್ವೇನೇ?”

ಡ್ರಾಪ್ಸ್ ಬಾಟಲಿ ಕಣ್ಣಿನ ಮೇಲೆ ಹಿಡಿದಿದ್ದೆ. ಕೈ ಅಲುಗಾಡಬಾರದು.

“ಅಲ್ವೇನೇ?”

“ಹೂಂ,” ಅಂದೆ.

ಹನಿ ಸರಿಯಾಗಿಯೇ ಬಿತ್ತು.

ಮಾರ್ಚ್ 3, ಮಧ್ಯಾಹ್ನ, ಅಂಗಡಿ

ಆ ‘ಹೂಂ’ ನಿನ್ನೆಯಿಂದ ನನ್ನ ಜೊತೆಗೇ ಇದೆ. ಊಟ ಸೇರಲಿಲ್ಲ.

ಏಳು ವರ್ಷ ಒಂದೇ ಮನೆ, ಒಂದೇ ಹಾಸಿಗೆ. ಅಮ್ಮ ಅಂದ ‘ಆ ಹುಡುಗಿ’ ಪುಸ್ತಕಕ್ಕೆ ಹೊಲಿಗೆ ಹಾಕಿ ರಟ್ಟು ಕಟ್ಟುವವಳು. ಬೆರಳ ತುದಿ ಸದಾ ಅಂಟಂಟು. ಗೋಂದು ಎಂದೇ ಕರೆದೆ. ಕೊನೆಗೆ ಅವಳ ವರ್ಕ್‌ಶಾಪಿನವರೂ ಹಾಗೇ ಕರೆದರು. ಬೇರೆಯಾಗಿ ಮೂರು ವರ್ಷ. ಈ ನೋಟ್‌ಬುಕ್ಕೂ ಅವಳು ಹೊಲಿದು ಕೊಟ್ಟದ್ದೇ, ನನ್ನ ಒಂದು ಹುಟ್ಟುಹಬ್ಬಕ್ಕೆ. ಪ್ರತಿ ವರ್ಷ ಒಂದು ಕೊಡುತ್ತಿದ್ದಳು. ಇದು ಕೊನೆಯದು. ಇದರಲ್ಲೇ, ಅವಳು ನನ್ನ ವಯಸ್ಸಿನ ಹುಚ್ಚು ಎಂದು ಒಪ್ಪಿಕೊಂಡದ್ದನ್ನು ಬರೆಯುತ್ತಿದ್ದೇನೆ. ನಾಚಿಕೆಯಾಗಬೇಕು.

ಹದಿನೈದರಲ್ಲಿ ಪಕ್ಕದ ಬೆಂಚಿನ ಹುಡುಗನನ್ನು ಕಂಡರೆ ಕಿವಿ ಬಿಸಿಯಾಗುತ್ತಿತ್ತು. ಅದೇ ವರ್ಷ, ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ ಉದ್ದ ಜಡೆಯವಳನ್ನು ಕಂಡರೂ ಅದೇ ಬಿಸಿ. ಒಂದು ನಿಂತು ಇನ್ನೊಂದು ಶುರುವಾಗಲಿಲ್ಲ. ಈಗ ಮೂವತ್ತಾರು. ಇಪ್ಪತ್ತೊಂದು ವರ್ಷದ ಹುಚ್ಚು! ಇಷ್ಟು ದಿನ ಬಾಳಿಕೆ ಬಂದ ಸಾಮಾನು ನಮ್ಮ ಮನೆಯಲ್ಲಿ ಇನ್ನೊಂದಿಲ್ಲ.

ಬೆಳಿಗ್ಗೆ ಒಬ್ಬ ಮೇಷ್ಟ್ರು ಬಂದಿದ್ದರು. ಕಣ್ಣ ಮುಂದೆ ಲೆನ್ಸು ತಿರುಗಿಸಿ ಎಂದಿನಂತೆ ಕೇಳಿದೆ — ಒಂದು ಸ್ಪಷ್ಟವೋ, ಎರಡು ಸ್ಪಷ್ಟವೋ? ಮೊದಲು ಒಂದು ಅಂದರು. ಕೋನ ಸರಿಪಡಿಸಿದೆ. ಮತ್ತೆ ಒಂದು. ಮತ್ತೆ ಸರಿಪಡಿಸಿದೆ. ಆಮೇಲೆ ತಡವರಿಸಿದರು. “ಎರಡೂ ಒಂದೇ ಥರ ಕಾಣ್ತಿದೆ ಮೇಡಂ. ಸಾರಿ, ಸರಿಯಾಗಿ ಹೇಳೋಕಾಗ್ತಿಲ್ಲ.”

“ಸರಿಯಾಗೇ ಹೇಳಿದ್ರಿ ಸಾರ್. ಅದೇ ಉತ್ತರ. ಎರಡೂ ಒಂದೇ ಅಂದಾಗ್ಲೇ ನಾವು ನಿಲ್ಸೋದು.”

ದಿನಕ್ಕೆ ಹತ್ತು ಜನಕ್ಕೆ ಹೇಳುತ್ತೇನೆ. ಅಮ್ಮನಿಗೆ ಒಂದು ಸಲ ಹೇಳಲಾಗಲಿಲ್ಲ.

ಮಾರ್ಚ್ 8, ಸಂಜೆ

ಲಿಫ್ಟ್ ಬಂದಿದ್ದ. ಲಿಫ್ಟ್ ರಿಪೇರಿ ಮಾಡುವವನು, ಅದಕ್ಕೇ ಆ ಹೆಸರು. ಮೇ ತಿಂಗಳಲ್ಲಿ ನನ್ನ ಗಂಡನಾಗುವವನು. ನಮ್ಮ ಕಟ್ಟಡದ ಲಿಫ್ಟೇ ಕೆಟ್ಟಿತ್ತು, ನಾಲ್ಕು ಮಹಡಿ ಹತ್ತಿ ಏದುಸಿರು ಬಿಡುತ್ತಾ ಬಂದ. ನಕ್ಕು ನಕ್ಕು ಸಾಕಾಯಿತು.

ಮೆಟ್ಟಿಲ ಮೇಲೇ ಕೂತೆವು. ಹೂಂ ಅಂದದ್ದನ್ನು ಹೇಳಿದೆ. ಗೋಂದುವಿನ ವಿಷಯ ಅವನಿಗೆ ಮೊದಲ ವಾರದಿಂದಲೇ ಗೊತ್ತು. ಆದರೂ ಅವನೊಳಗೆ ಒಂದು ಮುಳ್ಳು ಉಳಿದಿತ್ತು. ಇವತ್ತು ಹೊರಗೆ ಬಂತು.

“ಕೋಪ ಮಾಡ್ಕೋಬೇಡ. ನಾನೂ ಹಂಗೇ ಅಂದ್ಕೊಂಡಿದ್ದೆ. ನೀನು ಈ ಕಡೆ ಬಂದ್ಬಿಟ್ಟೆ ಅಂತ.”

“ನಾನೆಲ್ಲೂ ಹೋಗಿಲ್ಲ, ಬಂದಿಲ್ಲ. ಇದ್ದಲ್ಲೇ ಇದೀನಿ.”

“ಅಂದ್ರೆ ಮದ್ವೆ ಆದ್ಮೇಲೂ ನೀನು... ಬೈಸೆಕ್ಷುಯಲ್ಲೇ?”

“ನಿದ್ದೆ ಮಾಡ್ತಿದ್ರೂ.”

ನಗಲಿಲ್ಲ. ಸ್ಕ್ರೂಡ್ರೈವರನ್ನು ಕೈಯಲ್ಲಿ ತಿರುವುತ್ತಾ ಕೂತ. ಆಮೇಲೆ, “ಒಂದಿನ ನಾನೊಬ್ಬನೇ ಸಾಕಾಗ್ದೇ ಹೋದ್ರೆ?”

“ನಿಂಗೆ ಬೇರೆ ಹೆಂಗಸ್ರು ಚಂದ ಕಾಣಲ್ವಾ?”

“ಕಾಣ್ತಾರಪ್ಪ.”

“ಎಲ್ರ ಹಿಂದೆ ಹೋಗ್ತೀಯಾ?”

“ನಂಗೆಲ್ಲಿ ಟೈಮು?”

“ನಂಗೂ ಅಷ್ಟೇ. ಯಾರು ಚಂದ ಕಾಣ್ತಾರೆ ಅನ್ನೋದು ಒಂದು ವಿಷ್ಯ. ಯಾರ ಜೊತೆ ನಿಲ್ತೀನಿ ಅಂತ ಮಾತು ಕೊಡೋದು ಬೇರೆ ವಿಷ್ಯ. ಗೋಂದು ಜೊತೆ ಇದ್ದ ಏಳು ವರ್ಷ ಯಾವ ಗಂಡಸನ್ನೂ ಮುಟ್ಟಿಲ್ಲ. ಉಪವಾಸ ಇದ್ದ ಹಾಗೂ ಅನ್ನಿಸ್ಲಿಲ್ಲ.”

ಸ್ಕ್ರೂಡ್ರೈವರನ್ನು ಜೇಬಿಗಿಟ್ಟ. “ಅವಳನ್ನೂ ನನ್ನನ್ನೂ ಒಂದೇ ಸಮ ಇಷ್ಟಪಟ್ಯಾ?”

ಇದು ತಕ್ಕಡಿಯಲ್ಲಿ ಇಡುವಂಥದ್ದಲ್ಲ. ಅವಳನ್ನು ಕಂಡರೆ ಮೊದಲು ಮೈ ಜುಮ್ಮೆಂದಿತು, ಪ್ರೀತಿ ನಿಧಾನಕ್ಕೆ ಬಂತು. ಇವನ ವಿಷಯದಲ್ಲಿ ಪ್ರೀತಿ ಮೊದಲು, ಮೈ ಆಮೇಲೆ. ಕೆಲವು ವರ್ಷ ಹೆಂಗಸರೇ ಹೆಚ್ಚು ಕಣ್ಣಿಗೆ ಬಿದ್ದರು, ಕೆಲವು ವರ್ಷ ಗಂಡಸರು. ಹಾಗೆಂದು ಬೈಸೆಕ್ಷುಯಲ್ ಅಲ್ಲದೇ ಹೋಗಲಿಲ್ಲ. ಮೇಷ್ಟ್ರ ಲೆನ್ಸಿನ ಲೆಕ್ಕ ಇಲ್ಲಿ ಪೂರ್ತಿ ಹೊಂದುವುದಿಲ್ಲ. ಎರಡೂ ಒಂದೇ ಅಲ್ಲ. ಎರಡೂ ನಿಜ, ಅಷ್ಟೇ. ಅವನಿಗೆ ಇಷ್ಟನ್ನೂ ಹೇಳಿದೆ.

“ಸರಿ,” ಅಂದ. “ಅಮ್ಮಂಗೂ ಹೇಳು ಹಂಗಾದ್ರೆ.”

ಹೇಳಬೇಕು. ಕಣ್ಣು ಗುಣವಾಗಲಿ.

ಮಾರ್ಚ್ 15, ಬೆಳಿಗ್ಗೆ

ಇವತ್ತು ಅಂಗಡಿಗೆ ಹೋಗಲು ಮನಸ್ಸಿಲ್ಲ.

ನಿನ್ನೆ ಅಮ್ಮ ಚೆಕಪ್ಪಿಗೆ ಒಬ್ಬಳೇ ಹೋಗಿದ್ದಳು. ಬಸ್‌ಸ್ಟಾಪಿನಲ್ಲಿ ಗೋಂದು ಸಿಕ್ಕಳಂತೆ. ಕೈ ಹಿಡಿದು ರಸ್ತೆ ದಾಟಿಸಿದಳಂತೆ. ಯಾವ ಡ್ರಾಪ್ಸು, ಎಷ್ಟು ಸಲ, ಎಲ್ಲ ವಿಚಾರಿಸಿದಳಂತೆ.

“ಪಾಪ, ಒಳ್ಳೇ ಹುಡುಗಿ. ಮದುವೆ ವಿಷಯ ಹೇಳ್ದೆ. ಬೇಜಾರ್ ಮಾಡ್ಕೋಬೇಡಮ್ಮ, ಅವಳೇ ಒಪ್ಕೊಂಡ್ಳು, ಅದೆಲ್ಲ ಒಂದು ವಯಸ್ಸಿನ ಹುಚ್ಚು ಅಂತ... ನೀನೂ ಒಂದು ದಾರಿ ನೋಡ್ಕೋ ಅಂದೆ.”

“ಅವಳೇನಂದ್ಳು?”

“ನಕ್ಕಳು.”

ಆ ನಗು ನನಗೆ ಗೊತ್ತು. ಒಂದೇ ಕಡೆ ತುಟಿ ಏರುತ್ತದೆ.

ಜಗಳವಾಡಿ ಬೇರೆಯಾದದ್ದೂ ಇದೇ ಮಾತಿಗೆ. ಬೇರೆ ಯಾರೂ ನಡುವೆ ಬರಲಿಲ್ಲ. ಬಂದದ್ದು ಅವಳ ಹೆದರಿಕೆ. ಅವಳಿಗೆ ಹೆಂಗಸರು ಮಾತ್ರ, ಹುಟ್ಟಿದಾಗಿನಿಂದ ಅದರಲ್ಲಿ ಗೊಂದಲವಿಲ್ಲ. ನನ್ನದು ಅವಳಿಗೆ ಅರ್ಥವಾಗಲೇ ಇಲ್ಲ. “ನೀನಿನ್ನೂ ತೀರ್ಮಾನ ಮಾಡಿಲ್ಲ. ಒಂದಿನ ಸುಲಭದ ಕಡೆ ಹೋಗ್ತೀಯ,” ಎನ್ನುತ್ತಿದ್ದಳು. ನಾನು ಗಂಡಸರ ಜೊತೆ ನಕ್ಕರೆ ಮುಖ ಗಂಟಿಕ್ಕುತ್ತಿದ್ದಳು, ಹೆಂಗಸರ ಜೊತೆ ನಕ್ಕರೂ ಗಂಟಿಕ್ಕುತ್ತಿದ್ದಳು. ಇಡೀ ಊರಿನ ಮೇಲೆ ಅನುಮಾನ ಪಟ್ಟರೆ ಬದುಕುವುದೆಲ್ಲಿ? ತೀರ್ಮಾನ ಆಗಿದೆ ಕಣೇ, ನೀನೇ ನನ್ನ ತೀರ್ಮಾನ ಅಂತ ಎಷ್ಟು ಸಲ ಅಂದೆನೋ. ನಂಬಲಿಲ್ಲ. ಕೊನೆಗೆ ಸುಸ್ತಾಗಿ ಹೊರಗೆ ಬಂದೆ. ಆಮೇಲೆ ಒಂದೂವರೆ ವರ್ಷ ಒಬ್ಬಳೇ ಇದ್ದೆ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅಮ್ಮ ಒಂದು ಕಡೆಯಿಂದ, ಗೋಂದು ಇನ್ನೊಂದು ಕಡೆಯಿಂದ ಒಂದೇ ಮಾತು ಹೇಳುತ್ತಿದ್ದರು. ಈಗ ಅದಕ್ಕೆ ನನ್ನ ರುಜುವೂ ಬಿತ್ತು.

ಮಾರ್ಚ್ 17

ಗೋಂದುವಿಗೆ ಮೆಸೇಜ್ ಟೈಪ್ ಮಾಡಿದೆ. ‘ಅಮ್ಮ ಹೇಳಿದ್ದು ಸುಳ್ಳು.’ ಅಳಿಸಿದೆ. ಅಮ್ಮ ಹೇಳಿದ್ದು ಸುಳ್ಳಲ್ಲವಲ್ಲ, ನಾನು ಅಂದದ್ದೇ ಸುಳ್ಳು.

ಮಾರ್ಚ್ 29, ಸಂಜೆ

ಗೋಂದು ಅಂಗಡಿಗೆ ಬಂದಳು.

ಕೌಂಟರಿನವಳು ಚೀಟಿ ತಂದಿಟ್ಟಳು. ಹೆಸರು ನೋಡಿ ಒಂದು ಲೋಟ ನೀರು ಕುಡಿದು ಒಳಗೆ ಕರೆದೆ. ಊರಿನಲ್ಲಿ ಆರು ಅಂಗಡಿ ಇವೆ, ಇಲ್ಲಿಗೇ ಬಂದಿದ್ದಾಳೆ. ಕೂದಲು ಕಿವಿ ಹತ್ತಿರ ಬೆಳ್ಳಗಾಗಿದೆ. ನಲವತ್ತೆರಡು. ತೆಳ್ಳಗಾಗಿದ್ದಾಳೆ.

“ಸೂಜಿಗೆ ದಾರ ಪೋಣ್ಸೋಕೆ ಆಗ್ತಿಲ್ಲ ಕಣೇ. ಜನವರಿಯಿಂದ. ನಾಲ್ಕು ಸಲ ಎಂಜಲು ಮಾಡ್ಕೊಂಡ್ರೂ ತೂತು ಸಿಗಲ್ಲ.”

ವಯಸ್ಸಿನ ಚಾಳೀಸು. ಎಲ್ಲರಿಗೂ ಬರುವಂಥದ್ದು. ಆದರೂ ಪೂರ್ತಿ ಪರೀಕ್ಷೆ ಮಾಡಿದೆ. ಕುರ್ಚಿ ಎತ್ತರಿಸಿದೆ. ಗಲ್ಲ ಮುಟ್ಟಿ ತಲೆ ನೇರ ಮಾಡುವುದು ನನ್ನ ಕೆಲಸ, ದಿನವೂ ಮಾಡುವುದು. ಇವತ್ತು ಕೈ ತೆಗೆಯಲು ತಡವಾಯಿತು. ಅವಳಿಗೂ ಗೊತ್ತಾಯಿತು. ಅಂಟಿನ ವಾಸನೆ ಹಾಗೇ ಇದೆ.

ದೀಪ ಆರಿಸಿದೆ. ಲೆನ್ಸು ತಿರುಗಿಸಿದೆ.

“ಒಂದಾ, ಎರಡಾ?”

“ಒಂದು.”

“ಈಗ?”

“ಎರಡು... ಇಲ್ಲ, ತಾಳು. ಎರಡೂ ಒಂದೇ.”

ಹಿಂದೆ ಜಗಳ ಬಂದಾಗಲೆಲ್ಲ ನಾನು ಈ ಲೆನ್ಸಿನ ಕಥೆ ಹೇಳುತ್ತಿದ್ದೆ, ಅವಳು “ನಾನೇನು ನಿನ್ನ ಲೆನ್ಸಾ?” ಎಂದು ತಟ್ಟೆ ಕುಕ್ಕುತ್ತಿದ್ದಳು.

ಕತ್ತಲಲ್ಲೇ ಹೇಳಿದಳು. “ನಿಮ್ಮಮ್ಮ ಸಿಕ್ಕಿದ್ರು. ಹೂಂ ಅಂದ್ಯಂತೆ.”

“ಅಂದೆ.”

“ಸರಿ ಬಿಡು. ಏಳು ವರ್ಷ ನಾನೂ ಅದನ್ನೇ ಹೇಳ್ತಿದ್ದೆ. ನೀನೇ ಒಪ್ತಿರ್ಲಿಲ್ಲ. ಒಪ್ಕೊಂಡ್ಮೇಲೆ ನಂಗ್ಯಾಕೋ ಖುಷಿ ಆಗ್ಲಿಲ್ಲ. ಗೆದ್ದೆ ಅನ್ನಿಸ್ಬೇಕಿತ್ತು.”

“ಗೋಂದೂ, ಅದು ಹಾಗಲ್ಲ —”

ಬಾಗಿಲು ತಟ್ಟಿದ ಸದ್ದು. ಕೌಂಟರಿನವಳು. “ಮೇಡಂ, ಇನ್ನೂ ನಾಲ್ಕು ಜನ ಇದಾರೆ.”

ದೀಪ ಹಾಕಿದೆ. ಗೋಂದು ಕಣ್ಣು ಕಿರಿದು ಮಾಡಿಕೊಂಡು ಮುಖ ತಿರುಗಿಸಿದಳು. ಪುಸ್ತಕ ಹೊಲಿಯುವಾಗ ಎಷ್ಟು ದೂರ ಹಿಡೀತೀಯ ಎಂದು ಕೇಳಿದೆ. ಕೈಯಲ್ಲಿ ತೋರಿಸಿದಳು. ಟೇಪ್ ಹಿಡಿದು ಅಳೆದೆ. ಮೂವತ್ತೈದು ಸೆಂಟಿಮೀಟರ್. ಚೀಟಿ ಬರೆದೆ. ಫ್ರೇಮು ನಾನೇ ಆರಿಸಿದೆ, ಅವಳ ಮೂಗಿನ ಮೇಲಿಂದ ಎಲ್ಲವೂ ಜಾರುತ್ತದೆ.

“ಒಂದು ವಾರ ಆಗುತ್ತೆ. ತಗೊಳ್ಳೋಕೆ ಬಾ. ಆವಾಗ ಮಾತಾಡೋಣ. ಕೂತು, ಪೂರ್ತಿ ಮಾತಾಡೋಣ.”

“ಬರ್ತೀನಿ. ಕುರುಡಿ ಆಗಿ ಎಲ್ಲಿಗೆ ಹೋಗ್ಲಿ?”

ಹೋದಳು. ನಾಲ್ಕು ಜನರ ಕಣ್ಣು ನೋಡಿದೆ. ಒಬ್ಬರದ್ದೂ ನೆನಪಿಲ್ಲ.

ಮಾರ್ಚ್ 30, ಬೆಳಿಗ್ಗೆ

ಹೇಳಬೇಕಾದ್ದನ್ನು ಇಲ್ಲಿ ಬರೆದುಕೊಳ್ಳುತ್ತೇನೆ, ಎದುರಿಗೆ ಬಂದಾಗ ತಡವರಿಸಬಾರದು.

ನೀನು ನನ್ನ ವಯಸ್ಸಿನ ಹುಚ್ಚಾಗಿರಲಿಲ್ಲ. ನಿನ್ನ ಮನೆ ನನಗೆ ಮುಂದಿನ ಬಸ್ಸು ಬರುವವರೆಗೆ ನಿಂತ ಜಾಗವಾಗಿರಲಿಲ್ಲ. ಕೆಲವರಿಗೆ ತಮ್ಮ ಮನಸ್ಸು ತಿಳಿಯಲು ವರ್ಷಗಳು ಬೇಕು, ಕೆಲವರು ಮೊದಲು ಇಟ್ಟುಕೊಂಡ ಹೆಸರನ್ನು ಬದಲಾಯಿಸುತ್ತಾರೆ, ಅದೇನೂ ತಪ್ಪಲ್ಲ. ಆದರೆ ನನ್ನದು ಹಾಗಲ್ಲ. ನನಗೆ ಗೊತ್ತಿತ್ತು. ಅವನನ್ನು ಮದುವೆಯಾಗುವುದರಿಂದ ನೀನು ಸುಳ್ಳಾಗುವುದಿಲ್ಲ. ನಿನ್ನ ಜೊತೆ ಇದ್ದೆ ಅನ್ನುವುದರಿಂದ ಅವನೂ ಸುಳ್ಳಲ್ಲ. ‘ಸುಲಭದ ಕಡೆ’ ಅಂದೆಯಲ್ಲ — ಹೌದು, ಇವನ ಕೈ ಹಿಡಿದು ರಸ್ತೆಯಲ್ಲಿ ನಡೆದರೆ ಯಾರೂ ತಿರುಗಿ ನೋಡುವುದಿಲ್ಲ. ಅದು ಸುಲಭವೇ. ಆದರೆ ಆ ಸುಲಭಕ್ಕೆ ನಾನು ಅರ್ಧ ಮಾಯವಾಗಬೇಕು. ಎಲ್ಲರೂ ನೋಡುವುದು ಉಳಿದ ಅರ್ಧವನ್ನೇ.

ಚೆನ್ನಾಗಿ ಬಂದಿದೆ. ಬಾಯಿಪಾಠ ಮಾಡಬೇಕು.

ಏಪ್ರಿಲ್ 4, ಮಧ್ಯಾಹ್ನ

ಕನ್ನಡಕ ಬಂತು. ಒರೆಸಿ, ನಾನೇ ಒಮ್ಮೆ ಹಾಕಿ ನೋಡಿದೆ. ಲೋಕವೆಲ್ಲ ಮಸುಕು, ನನ್ನ ಅಂಗೈ ಗೆರೆ ಮಾತ್ರ ಸ್ಪಷ್ಟ.

ಅವಳಿಗೆ ನನ್ನ ಫೋನಿನಿಂದ ಮೆಸೇಜ್ ಬರೆದೆ. ‘ಬಾ. ಕಾಯ್ತಿದೀನಿ.’ ತುಂಬ ಸಲುಗೆಯಾಯಿತು ಅನ್ನಿಸಿತು. ಅಳಿಸಿದೆ. ಅಂಗಡಿಯ ನಂಬರಿನಿಂದ ಎಲ್ಲರಿಗೂ ಹೋಗುವ ಮೆಸೇಜೇ ಕಳಿಸಿದೆ: ‘ಗೌರವಾನ್ವಿತ ಗ್ರಾಹಕರೇ, ನಿಮ್ಮ ಕನ್ನಡಕ ಸಿದ್ಧವಾಗಿದೆ.’

ಏಪ್ರಿಲ್ 5

ಉತ್ತರ ಬಂತು. ಬರೆದದ್ದು ಅವಳ ತಮ್ಮ.

‘ಅಕ್ಕ ಮೊನ್ನೆ ತೀರಿಕೊಂಡರು. ಹಾರ್ಟ್ ಅಟ್ಯಾಕ್. ದಯವಿಟ್ಟು ಆರ್ಡರ್ ಕ್ಯಾನ್ಸಲ್ ಮಾಡಿ.’

ಮೊನ್ನೆ. ನಾನು ಬಾಯಿಪಾಠ ಮಾಡುತ್ತಿದ್ದೆ.

ಏಪ್ರಿಲ್ 11, ಸಂಜೆ

ಆರು ದಿನ ಬರೆಯಲಾಗಲಿಲ್ಲ.

ಇವತ್ತು ವರ್ಕ್‌ಶಾಪಿನಲ್ಲಿ ಅವಳ ನೆನಪಿಗೆ ಎಲ್ಲರೂ ಸೇರಿದ್ದರು. ಲಿಫ್ಟ್ ಜೊತೆಗೆ ಬರುತ್ತೇನೆಂದ. ಬೇಡ ಅಂದೆ. ಗಂಡಸಿನ ತೋಳು ಹಿಡಿದು ಹೋದರೆ ಅಲ್ಲಿಯೂ ಎಲ್ಲರಿಗೂ ಅದೇ ಕಾಣುತ್ತದೆ — ನೋಡಿ, ಬಿಟ್ಟು ಹೋದವಳು.

ಅವಳ ಮೇಜು ಹಾಗೇ ಇತ್ತು. ಅಲ್ಲಿಯೇ ಕುಸಿದಳಂತೆ, ಬೆಳಿಗ್ಗೆ ಹನ್ನೊಂದಕ್ಕೆ. ಒತ್ತಿಟ್ಟ ಹಾಳೆಗಳ ಮೇಲೆ ಭಾರದ ಕಬ್ಬಿಣ. ಅಂಟಿನ ಡಬ್ಬಿಯಲ್ಲಿ ಬ್ರಷ್ಷು ಒಣಗಿ ನಿಂತಿತ್ತು. ಒಬ್ಬ ಮುದುಕ ಕೆಲಸಗಾರ ಅದನ್ನು ಎಳೆಯಲು ನೋಡಿ, ಆಗದೆ, ಅಳುತ್ತಾ ಕೂತ.

ಬಾಗಿಲ ಹತ್ತಿರ ಒಂದು ಹೊಸ ಪುಸ್ತಕ. ವರ್ಕ್‌ಶಾಪಿನವರೇ ಕಟ್ಟಿದ್ದು. ಬಂದವರು ಹೆಸರು, ಸಂಬಂಧ, ಎರಡು ಸಾಲು ಬರೆಯಬೇಕು. ಅಕ್ಕಪಕ್ಕದ ಮನೆಯವರು, ಗುರು, ಚಿಕ್ಕಮ್ಮ ಎಲ್ಲ ಬರೆದಿದ್ದರು. ಹಿಂದೆ ಸಾಲು ನಿಂತಿತ್ತು. ಗೋಂದುವಿನ ತಮ್ಮ ಪಕ್ಕದಲ್ಲೇ ಇದ್ದ. ಅವನಿಗೆ ಏಳು ವರ್ಷವೂ ನಾನು ‘ಅಕ್ಕನ ರೂಮ್‌ಮೇಟ್’.

ಸಂಬಂಧ ಅನ್ನುವ ಜಾಗದಲ್ಲಿ ‘ಸ್ನೇಹಿತೆ’ ಎಂದು ಬರೆದು ಬಂದೆ.

ಇನ್ನೊಂದು ಹೂಂ.

ಏಪ್ರಿಲ್ 13, ಬೆಳಿಗ್ಗೆ

ಅಮ್ಮನ ಡ್ರಾಪ್ಸ್ ನಿನ್ನೆಗೆ ಮುಗಿಯಿತು. ಬಾಟಲಿ ಎಸೆದು ಬಂದು ಎದುರಿಗೆ ಕೂತೆ.

“ಅಮ್ಮಾ, ಅವತ್ತು ಹೂಂ ಅಂದಿದ್ದು ಸುಳ್ಳು.”

“ಯಾವತ್ತು?”

ಅವಳಿಗೆ ನೆನಪೇ ಇಲ್ಲ! ಹೇಳಿದೆ. ಗೋಂದು ವಯಸ್ಸಿನ ಹುಚ್ಚಲ್ಲ, ನಾನು ಅವಳ ಜೊತೆ ಸಂಸಾರ ಮಾಡಿದೆ, ಈಗ ನನ್ನ ಸಂಗಾತಿ ಸತ್ತಿದ್ದಾಳೆ, ಅದಕ್ಕೇ ಊಟ ಸೇರುತ್ತಿಲ್ಲ.

“ಹಾಗಾದ್ರೆ ಆ ಹುಡುಗನ ಗತಿ? ಎರಡ್ರಲ್ಲಿ ಒಂದು ಹೇಳೇ. ಯಾವ್ದು ನಿಜ?”

“ಎರಡೂ ನಿಜ. ಅವನಿಗೆಲ್ಲ ಗೊತ್ತು.”

“ಎರಡೂ ಅಂದ್ರೆ ಏನೇ ಅರ್ಥ?”

“ನಿನ್ನ ಇಬ್ರು ಮಕ್ಕಳಲ್ಲಿ ಯಾರು ನಿಜ ಅಂದ್ರೆ ಏನ್ ಹೇಳ್ತೀಯ?” ಅಂದೆ. ಅದೂ ಸರಿಯಾದ ಹೋಲಿಕೆ ಅಲ್ಲ. ಸಿಟ್ಟಿನಲ್ಲಿ ಸಿಕ್ಕಿದ್ದು.

ಅಮ್ಮ ಬಹಳ ಹೊತ್ತು ಸೆರಗಿನ ಅಂಚು ಸುತ್ತುತ್ತಾ ಕೂತಳು. ಅರ್ಥವಾಯಿತು ಅನ್ನಲಾರೆ. ಆಮೇಲೆ ಮೆಲ್ಲಗೆ ಹೇಳಿದಳು: “ರಸ್ತೆ ದಾಟ್ಸುವಾಗ ನನ್ನ ಕೈ ಗಟ್ಟಿ ಹಿಡ್ಕೊಂಡಿದ್ಳು ಕಣೇ. ನಾನು ಹಾಗಂದ್ಮೇಲೂ ಬಿಡ್ಲಿಲ್ಲ. ಆ ಕಡೆ ತಲುಪಿಸಿಯೇ ಬಿಟ್ಟಿದ್ದು.”

ಅತ್ತಳು. ನಾನು ತಡೆಯಲಿಲ್ಲ.

ಏಪ್ರಿಲ್ 19, ಸಂಜೆ

ಗೋಂದುವಿನ ತಮ್ಮ ಅಂಗಡಿಗೆ ಬಂದ. ಕೈಯಲ್ಲಿ ಒಂದು ಚೀಲ.

“ಅಕ್ಕಾ, ಮನೆ ಖಾಲಿ ಮಾಡ್ತಾ ಇದ್ದೆ. ಇವು ಸಿಕ್ಕಿದ್ವು. ಪುಸ್ತಕದ ಬೆನ್ನ ಮೇಲೆ ನಿಮ್ಮ ಹೆಸರಿನ ಅಕ್ಷರ ಇದೆ. ನಿಮ್ದೇ ಇರ್ಬೇಕು.”

ಮೂರು ನೋಟ್‌ಬುಕ್ಕು. ಬೇರೆಯಾದ ಮೇಲಿನ ಮೂರು ಹುಟ್ಟುಹಬ್ಬದವು. ಮೊದಲನೆಯದು ನೀಲಿ, ಎರಡನೆಯದು ಕೆಂಪು. ಮೂರನೆಯದು ಈ ವರ್ಷದ್ದು. ನಾಳೆ ಕೊಡಬೇಕಿದ್ದದ್ದು — ಕೊಡುತ್ತಿರಲಿಲ್ಲ, ಗೊತ್ತು, ಕಟ್ಟಿ ಇಡುತ್ತಿದ್ದಳು. ರಟ್ಟು ತಯಾರಾಗಿದೆ, ಅಕ್ಷರ ಒತ್ತಿದ್ದಾಳೆ. ಒಳಗಿನ ಹಾಳೆಗಳ ಹೊಲಿಗೆ ಮಾತ್ರ ಅರ್ಧಕ್ಕೆ ನಿಂತಿದೆ. ದಾರ ಹಾಗೇ ಇಳಿಬಿದ್ದಿದೆ. ಸೂಜಿ ಇಲ್ಲ.

ಕಣ್ಣು ಕಾಣದೆ ನಿಲ್ಲಿಸಿದಳೋ, ಅಮ್ಮನ ಮಾತು ಕೇಳಿ ನಿಲ್ಲಿಸಿದಳೋ? ಕನ್ನಡಕ ಬರಲಿ, ಆಮೇಲೆ ಮುಗಿಸುತ್ತೇನೆ ಎಂದುಕೊಂಡಿದ್ದಳೋ, ಇನ್ನು ಯಾಕೆ ಎಂದು ಬಿಟ್ಟಳೋ? ಇನ್ನು ಯಾರನ್ನು ಕೇಳಲಿ?

ತಮ್ಮ ಹೊರಡಲಿಲ್ಲ. “ಒಂದ್ ಕೇಳ್ಲಾ? ನೀವು ಬರೀ ರೂಮ್‌ಮೇಟ್ ಅಲ್ಲ ಅಲ್ವಾ?”

ಕೌಂಟರಿನವಳು ಕಿವಿ ನೆಟ್ಟಗೆ ಮಾಡಿಕೊಂಡಿದ್ದಳು. ನಾಲ್ಕು ಜನ ಗಿರಾಕಿಗಳು ಕೂತಿದ್ದರು.

“ಅಲ್ಲ,” ಅಂದೆ. “ಅವತ್ತು ಆ ನೆನಪಿನ ಪುಸ್ತಕದಲ್ಲಿ ನಾನು ಬರೆದದ್ದು ತಪ್ಪು. ತಿದ್ದಬೇಕು.”

“ವರ್ಕ್‌ಶಾಪಲ್ಲೇ ಇದೆ ಅಕ್ಕಾ. ನಾಳೆ ಬನ್ನಿ. ನಾನೂ ಇರ್ತೀನಿ.”

ಏಪ್ರಿಲ್ 20, ಬೆಳಿಗ್ಗೆ ಹತ್ತು

ಇವತ್ತಿಗೆ ಮೂವತ್ತೇಳು.

ಕನ್ನಡಕ ಚೀಲದಲ್ಲಿದೆ, ಅವಳ ಮೇಜಿನ ಮೇಲಿಟ್ಟು ಬರುತ್ತೇನೆ. ಅರ್ಧ ಹೊಲಿದ ಪುಸ್ತಕವನ್ನೂ ಎತ್ತಿಕೊಂಡಿದ್ದೇನೆ. ಅದನ್ನು ಯಾರ ಕೈಲೂ ಮುಗಿಸಲು ಬಿಡುವುದಿಲ್ಲ.

ಲಿಫ್ಟ್ ಬಾಗಿಲಲ್ಲಿ ನಿಂತಿದ್ದಾನೆ. ಈ ಸಲ ಬಾ ಅಂದೆ. ಅವನನ್ನು ಹೊರಗೆ ನಿಲ್ಲಿಸಿ ಅವಳನ್ನು ನಿಜ ಮಾಡಬೇಕಾಗಿಲ್ಲ. ಅಮ್ಮ ಅಡುಗೆಮನೆಯಿಂದ ನೋಡುತ್ತಿದ್ದಾಳೆ. ಚಪ್ಪಲಿ ಹಾಕಿಕೊಳ್ಳಲೋ ಬೇಡವೋ ಎಂದು ಅವಳಿಗೇ ಗೊತ್ತಿಲ್ಲ.

‘ಸ್ನೇಹಿತೆ’ಗೆ ಒಂದು ಗೆರೆ ಎಳೆಯುತ್ತೇನೆ. ಓದಲು ಕಾಣುವ ಹಾಗೆ ಎಳೆಯುತ್ತೇನೆ, ತಪ್ಪೂ ಉಳಿಯಲಿ. ಪಕ್ಕದಲ್ಲಿ ಏನು ಬರೆಯಬೇಕೆಂದು ಯೋಚಿಸಿದ್ದಾಗಿದೆ. ಏಳು ವರ್ಷ ನಾನು ಅವಳ ಸಂಗಾತಿಯಾಗಿದ್ದೆ.